ನೆತ್ತಿಯ ಮೇಲೆ ಎದ್ದ ಕರೆಂಟ್ ಕಂಬ: ಒಂದು ಭಾವಚಿತ್ರ ತಿದ್ದಿದ ಪ್ರಕರಣ

ಚಿತ್ರದಲ್ಲಿ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಕ್ಯಾಮೆರಾ ಕಡೆ ನೋಡಿ ನಗುತ್ತಿದ್ದಾರೆ. ಸೊಂಟದಿಂದ ಮೇಲಿನ ಭಾಗ ಮಾತ್ರ ಕಾಣುತ್ತದೆ. ಹಿಂದೆ ದೂರದಲ್ಲಿ ಮರಗಳ ಸಾಲು ಮಸುಕಾಗಿ ಕಿವಿಯ ಮಟ್ಟಕ್ಕೆ ಬಂದು ನಿಂತಿದೆ. ಅದರ ಮೇಲೆಲ್ಲ ತಿಳಿ ಆಕಾಶ. ಬೈತಲೆಯಿಂದ ಸ್ವಲ್ಪ ಬಲಕ್ಕೆ, ನೆತ್ತಿಯಿಂದಲೇ ಹುಟ್ಟಿದಂತೆ, ಒಂದು ಕರೆಂಟ್ ಕಂಬ ಚಿತ್ರದ ಮೇಲಂಚಿನವರೆಗೂ ಎದ್ದಿದೆ. ಆ ಕಂಬವನ್ನು ಎಳೆದು ಕಟ್ಟಿದ ತಂತಿಯೊಂದು ಮೇಲಿನಿಂದ ಓರೆಯಾಗಿ ಇಳಿದು ಎಡಗಡೆ ಮರಗಳೊಳಗೆ ಮರೆಯಾಗುತ್ತದೆ.

ಚಿತ್ರ ತಂದವರು ಅವರ ತಂಗಿ. 12x18 ಇಂಚಿನಲ್ಲಿ ಮುದ್ರಿಸಿ ಫ್ರೇಮ್ ಹಾಕಿಸಬೇಕಿತ್ತು. ಅದೇ ಹೊತ್ತಿನಲ್ಲಿ ತೆಗೆದ ಬೇರೆ ಚಿತ್ರಗಳೂ ಇದ್ದವು. ಆದರೆ ಈ ನಗು ಬೇರೆ ಯಾವುದರಲ್ಲೂ ಇರಲಿಲ್ಲ. ಅವರು ಎರಡು ಫೈಲ್ ಕೊಟ್ಟರು. ಒಂದು ಕ್ಯಾಮೆರಾದ ಮೂಲ ಫೈಲ್. ಇನ್ನೊಂದು, ಮೊಬೈಲ್‌ನ ಅಳಿಸುವ ಸೌಲಭ್ಯದಲ್ಲಿ ಅವರೇ ಕಂಬ ತೆಗೆದು ನೋಡಿದ ಪ್ರತಿ. "ಕಂಬ ಏನೋ ಹೋಯ್ತು, ಆದ್ರೆ ಅಕ್ಕನ ತಲೆ ಅಕ್ಕಂದಲ್ಲ ಅನ್ನಿಸ್ತಿದೆ. ಏನಾಗಿದೆ ಅಂತ ಹೇಳೋಕೆ ಗೊತ್ತಾಗ್ತಿಲ್ಲ" ಅಂದರು.

ಅವರು ಹೇಳಿದ್ದು ಸರಿಯಾಗಿತ್ತು. ಮೊಬೈಲ್ ಪ್ರತಿಯನ್ನು ಪೂರ್ಣ ಗಾತ್ರದಲ್ಲಿ ತೆರೆದಾಗ ಮೂರು ದೋಷ ಕಂಡವು. ಕಂಬ ಇದ್ದ ಕಡೆ ಕೂದಲಿನ ಅಂಚು ಕತ್ತರಿಯಲ್ಲಿ ಕತ್ತರಿಸಿದಷ್ಟು ನೇರವಾಗಿತ್ತು. ಅದರ ಎರಡೂ ಪಕ್ಕದಲ್ಲಿ ಮಾತ್ರ ಸಣ್ಣ ಕೂದಲೆಳೆಗಳು ಹಾರಾಡುತ್ತಿದ್ದವು. ಎರಡನೆಯದು, ಆ ಅಂಚಿನ ಮೇಲೆ ಕೂದಲಿನ ಕಪ್ಪು ಆಕಾಶದೊಳಕ್ಕೆ ಹೊಗೆಯ ಹಾಗೆ ಹರಡಿತ್ತು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ನೆತ್ತಿಯ ದುಂಡು ಗೆರೆ ಅಲ್ಲಿ ಸ್ವಲ್ಪ ತಗ್ಗಿತ್ತು. ತಲೆಯ ಆಕಾರವೇ ಬದಲಾಗಿದೆ ಅನ್ನಿಸುತ್ತಿದ್ದುದು ಅದರಿಂದ. ನಮ್ಮವರ ತಲೆಯ ಹೊರಗೆರೆ ನಮ್ಮ ಕಣ್ಣಿಗೆ ಚೆನ್ನಾಗಿ ಗೊತ್ತಿರುತ್ತದೆ. ಎಲ್ಲಿ ವ್ಯತ್ಯಾಸ ಅಂತ ಹೇಳಲು ಬರದಿದ್ದರೂ ವ್ಯತ್ಯಾಸ ಇದೆ ಅಂತ ತಿಳಿಯುತ್ತದೆ.

ಇಂಥ ಕೆಲಸದಲ್ಲಿ ಕಂಬ ತೆಗೆಯುವುದು ಸುಲಭದ ಭಾಗ. ಕಂಬ ತಲೆಗೆ ತಾಗುವ ಜಾಗವನ್ನು ಮತ್ತೆ ಕಟ್ಟುವುದೇ ನಿಜವಾದ ಕೆಲಸ. ಈ ಚಿತ್ರದಲ್ಲಿ ಆ ಜಾಗ ಸುಮಾರು 200 ಪಿಕ್ಸೆಲ್ ಅಗಲ, 80 ಪಿಕ್ಸೆಲ್ ಎತ್ತರ. ಮುದ್ರಣದಲ್ಲಿ ಅದು ಬರೀ ಒಂದೂವರೆ ಸೆಂಟಿಮೀಟರ್ ಅಗಲ ಅನ್ನುವಷ್ಟು ಚಿಕ್ಕದು. ಆದರೂ ಮುಕ್ಕಾಲು ಪಾಲು ಸಮಯ ಅಲ್ಲಿಗೇ ಹೋಗುತ್ತದೆ, ಹೋಗಲೂಬೇಕು.

ಮೊದಲು ಕಂಬ ಎಷ್ಟು ಅಗಲ ಅಂತ ನೋಡೋಣ. ಇದನ್ನು ಬಹಳ ಜನ ಸರಿಯಾಗಿ ಗಮನಿಸುವುದಿಲ್ಲ. ಚಿತ್ರ ತೆಗೆದದ್ದು 85 ಮಿ.ಮೀ. ಲೆನ್ಸ್‌ನಲ್ಲಿ, ಎಫ್/5.6 ರಂಧ್ರದಲ್ಲಿ. ಹೆಂಗಸು ಕ್ಯಾಮೆರಾದಿಂದ ಸುಮಾರು 3 ಮೀಟರ್ ದೂರ, ಕಂಬ ಸುಮಾರು 12 ಮೀಟರ್ ದೂರ. ಫೋಕಸ್ ಮುಖದ ಮೇಲಿದೆ, ಹಾಗಾಗಿ ಕಂಬ ಮಸುಕು. 4000x6000 ಪಿಕ್ಸೆಲ್‌ನ ಈ ಚಿತ್ರದಲ್ಲಿ ಕಂಬದ ನಿಜವಾದ ಅಗಲ ಹತ್ತಿರ ಹತ್ತಿರ 150 ಪಿಕ್ಸೆಲ್ ಬರುತ್ತದೆ. ಆದರೆ ಮಸುಕಿನಿಂದಾಗಿ ಅದರ ಬಣ್ಣ ಎರಡೂ ಕಡೆ 25 ಪಿಕ್ಸೆಲ್‌ಗೂ ಸ್ವಲ್ಪ ಜಾಸ್ತಿ ಚೆಲ್ಲಿದೆ. ಕಣ್ಣಿಗೆ ಕಂಬ ಮುಗಿದಂತೆ ಕಂಡಲ್ಲಿ ಅದು ಮುಗಿದಿರುವುದಿಲ್ಲ. ಅಲ್ಲಿಗೆ ಆಯ್ಕೆ ನಿಲ್ಲಿಸಿ ಒಳಗಿನದನ್ನು ತುಂಬಿದರೆ, ಕಂಬ ಹೋದ ಮೇಲೆ ಎರಡು ತೆಳು ಬೂದು ಪಟ್ಟಿಗಳು ನೆರಳಿನಂತೆ ಉಳಿಯುತ್ತವೆ. ತುಂಬುವ ಸಾಧನವೂ ಆ ಬೂದು ಬಣ್ಣವನ್ನೇ ಆಕಾಶ ಅಂದುಕೊಂಡು ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಇಲ್ಲಿ ಅಗಲ 200 ಪಿಕ್ಸೆಲ್‌ಗಿಂತಲೂ ತುಸು ಹೆಚ್ಚೇ ಇಟ್ಟುಕೊಂಡೆ.

ತಂತಿಯದು ಇದಕ್ಕೆ ಉಲ್ಟಾ. ಅದು ಎಷ್ಟು ಸಪೂರ ಅಂದರೆ ಮಸುಕಿನಲ್ಲಿ ಹರಡಿ ತೆಳು ಬೂದು ಪಟ್ಟಿಯಾಗಿಬಿಟ್ಟಿತ್ತು. ಸಣ್ಣ ಪರದೆಯಲ್ಲಿ ಕಾಣುತ್ತಲೇ ಇರಲಿಲ್ಲ. ಬಿಟ್ಟರೆ ಏನಾಗುತ್ತದೆ ಅನ್ನಿಸಬಹುದು. ಕಂಬ ಇದ್ದಾಗ ಅದು ಯಾರ ಗಮನಕ್ಕೂ ಬರುವುದಿಲ್ಲ. ಕಂಬ ಹೋಗಿ ಆಕಾಶ ಖಾಲಿಯಾದಾಗ, ಎಲ್ಲೂ ಕಟ್ಟಿಲ್ಲದ ಒಂದು ಓರೆ ಗೆರೆ ಸುಮ್ನೆ ನೇತಾಡುತ್ತದೆ. ಕಂಬ ತೆಗೆದರೆ ಕಂಬಕ್ಕೆ ಸೇರಿದ್ದೆಲ್ಲವೂ ಹೋಗಬೇಕು: ತಂತಿ, ದೀಪದ ತೋಳು, ನೆಲದ ಮೇಲಿನ ನೆರಳು, ಕನ್ನಡಕದಲ್ಲಿ ಬಿದ್ದ ಪ್ರತಿಬಿಂಬ. ಈ ಚಿತ್ರದಲ್ಲಿ ತಂತಿ ಒಂದೇ ಇತ್ತು.

ಕೆಲಸ ಶುರು ಮಾಡಿದ್ದು ಮೂಲ ಫೈಲ್‌ನಿಂದ, 16 ಬಿಟ್‌ನಲ್ಲಿ. ಆಕಾಶದಂಥ ನಿಧಾನವಾಗಿ ಬದಲಾಗುವ ಬಣ್ಣವನ್ನು 8 ಬಿಟ್‌ನಲ್ಲಿ ಮತ್ತೆ ಮತ್ತೆ ತಿದ್ದಿದರೆ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆಗಳು ಏಳುತ್ತವೆ. ತಿದ್ದುವುದೆಲ್ಲ ಖಾಲಿ ಲೇಯರ್‌ಗಳ ಮೇಲೆ. ಫೋಟೋಶಾಪ್‌ನ ಕ್ಲೋನ್ ಮತ್ತು ಹೀಲಿಂಗ್ ಸಾಧನಗಳಲ್ಲಿ `Sample` ಅನ್ನುವ ಕಡೆ `Current & Below` ಆರಿಸಿಕೊಂಡರೆ ಕೆಳಗಿನ ಚಿತ್ರ ಹಾಗೇ ಉಳಿಯುತ್ತದೆ. ಗಿಂಪ್‌ನಲ್ಲಿ ಇದೇ ಕೆಲಸಕ್ಕೆ `Sample merged` ಇದೆ. ಆಕಾಶಕ್ಕೆ ಒಂದು ಲೇಯರ್, ಕೂದಲಿನ ಹಿಂದಿನ ಆಕಾಶಕ್ಕೆ ಒಂದು, ಕೂದಲಿಗೆ ಒಂದು. ಕೂದಲು ಕೆಟ್ಟರೆ ಆಕಾಶ ಮತ್ತೆ ಮಾಡಬೇಕಾಗಿ ಬರುವುದಿಲ್ಲ.

ಆಮೇಲೆ ಕಂಬವನ್ನು ತಲೆಯಿಂದ ಬೇರ್ಪಡಿಸಬೇಕು. ಕೂದಲಿನ ತುದಿಗಳಿಗಿಂತ ಸ್ವಲ್ಪ ಮೇಲೆ, ಕಂಬದ ಅಡ್ಡಕ್ಕೆ, ಆಕಾಶದ ಒಂದು ಪಟ್ಟಿಯನ್ನು ಕ್ಲೋನ್ ಸ್ಟ್ಯಾಂಪ್‌ನಿಂದ ಹಾಕಿದೆ. ಪಟ್ಟಿಯ ಎತ್ತರ 150 ಪಿಕ್ಸೆಲ್ ಇರಬಹುದು. ಇದರ ಉದ್ದೇಶ ಸರಳ. ಹೀಲಿಂಗ್ ಬ್ರಷ್ ಆಗಲಿ, ತಾನಾಗಿ ತುಂಬುವ ಸಾಧನಗಳಾಗಲಿ, ತಿದ್ದುವ ಜಾಗದ ಅಂಚಿನಲ್ಲಿ ಇರುವ ಬಣ್ಣಕ್ಕೆ ಹೊಂದಿಕೊಳ್ಳುತ್ತವೆ. ಅಂಚಿನಲ್ಲಿ ಕಪ್ಪು ಕೂದಲಿದ್ದರೆ ಆ ಕಪ್ಪನ್ನೇ ಆಕಾಶದೊಳಗೆ ಎಳೆಯುತ್ತವೆ. ಮೊಬೈಲ್ ಪ್ರತಿಯ ಆ ಹೊಗೆ ಬಂದದ್ದು ಹೀಗೆ. ಕ್ಲೋನ್ ಸ್ಟ್ಯಾಂಪ್ ಮಾತ್ರ ಇದ್ದದ್ದನ್ನು ಇದ್ದ ಹಾಗೇ ತರುತ್ತದೆ, ಏನನ್ನೂ ಬೆರೆಸುವುದಿಲ್ಲ. ಆದ್ದರಿಂದ ಕೂದಲಿನ ಹತ್ತಿರ ಕ್ಲೋನ್, ದೂರದಲ್ಲಿ ಹೀಲಿಂಗ್. ನಡುವಿನ ಆ ಪಟ್ಟಿ ಎರಡನ್ನೂ ದೂರ ಇಡುತ್ತದೆ.

ಪಟ್ಟಿಯ ಮೇಲಿನ ಕಂಬ ಬೇಗ ಹೋಯಿತು. ಅಲ್ಲಿ ನೆನಪಿಡಬೇಕಾದದ್ದು ಒಂದೇ: ಆಕಾಶದ ಬಣ್ಣವನ್ನು ಮೇಲಿನಿಂದಲೋ ಕೆಳಗಿನಿಂದಲೋ ತರಬಾರದು, ಅದೇ ಎತ್ತರದಲ್ಲಿ ಪಕ್ಕದಿಂದ ತರಬೇಕು. ಆಕಾಶ ಕೆಳಗೆ ಬಂದಂತೆ ಬೆಳ್ಳಗಾಗುತ್ತದೆ. ಎಡಕ್ಕೂ ಬಲಕ್ಕೂ ಕೂಡ ಸ್ವಲ್ಪ ವ್ಯತ್ಯಾಸ ಇರುತ್ತದೆ. ಇಲ್ಲಿ ಬಲಗಡೆ ಸೂರ್ಯನಿದ್ದ, ಅತ್ತ ತುಸು ಹೊಳಪು ಜಾಸ್ತಿ. ಕಂಬದ ಎಡ ಅರ್ಧಕ್ಕೆ ಎಡದ ಆಕಾಶ, ಬಲ ಅರ್ಧಕ್ಕೆ ಬಲದ ಆಕಾಶ ತಂದು, ನಡುವೆ ಅವು ಸೇರುವ ಗೆರೆಯ ಮೇಲೆ ಮೆತ್ತನೆ ಅಂಚಿನ ದೊಡ್ಡ ಹೀಲಿಂಗ್ ಬ್ರಷ್ ಎಳೆದೆ. ತಂತಿಗೂ ಹೀಲಿಂಗ್ ಸಾಕಾಯಿತು. ಅದು ಮರಗಳೊಳಗೆ ಹೋಗುವ ಕಡೆ ಮಾತ್ರ, ಅಷ್ಟೇ ಮಸುಕಾದ ಬೇರೆ ಎಲೆಗಳ ಭಾಗದಿಂದ ಕ್ಲೋನ್ ಮಾಡಿದ್ದು.

ಪರದೆಯಲ್ಲಿ ಆಕಾಶ ಈಗ ಸ್ವಚ್ಛವಾಗಿ ಕಾಣುತ್ತದೆ. ಆದರೆ ಅದನ್ನು ನಂಬಬಾರದು. ಎಲ್ಲದರ ಮೇಲೆ ಹೊಳಪು ಏರಿಳಿಸುವ ಒಂದು ಕರ್ವ್ಸ್ ಲೇಯರ್ ಇಟ್ಟು, ಆಕಾಶದ ಬಣ್ಣಗಳಿರುವ ಜಾಗದಲ್ಲಿ ಗೆರೆಯನ್ನು ಕಡಿದಾಗಿ ನಿಲ್ಲಿಸಿದೆ. ಚಿತ್ರ ನೋಡಲು ವಿಕಾರವಾಗುತ್ತದೆ, ಆದರೆ ಅರ್ಧ ಶೇಕಡಾ ವ್ಯತ್ಯಾಸ ಕೂಡ ಕಲೆಯಾಗಿ ಎದ್ದು ಕಾಣುತ್ತದೆ. ಕಂಬ ಇದ್ದ ಉದ್ದಕ್ಕೂ ಒಂದು ಬಿಳಿಚು ಪಟ್ಟಿ ಕಂಡಿತು. ಜೊತೆಗೆ ಹೀಲಿಂಗ್ ಹಾಯ್ದ ಕಡೆಯ ಆಕಾಶ ತೀರಾ ನುಣುಪಾಗಿತ್ತು. ಸುತ್ತಲಿನ ಆಕಾಶದಲ್ಲಿ ಸೆನ್ಸರ್‌ನ ಸಣ್ಣ ಕಾಳುಗಳಿದ್ದವು, ಇಲ್ಲಿ ಇರಲಿಲ್ಲ. ಮೊದಲನೆಯದನ್ನು ತೀರಾ ಕಡಿಮೆ ಒಪಾಸಿಟಿಯ ಅಗಲ ಬ್ರಷ್‌ನಿಂದ ಸರಿಮಾಡಿದೆ. ಎರಡನೆಯದಕ್ಕೆ ಆ ಭಾಗಕ್ಕಷ್ಟೇ ಸ್ವಲ್ಪ ನಾಯ್ಸ್ ಸೇರಿಸಿದೆ. ಕಾಳುಗಳು ಅಕ್ಕಪಕ್ಕದವುಗಳ ಜೊತೆ ಗುರುತು ಸಿಗದ ಹಾಗೆ ಬೆರೆಯುವವರೆಗೆ ಸೇರಿಸಬೇಕು, ಅದಕ್ಕಿಂತ ಹೆಚ್ಚು ಬೇಡ. ಮೇಲಿನ ಆ ಕರ್ವ್ಸ್ ಲೇಯರನ್ನು ಕೊನೆಯವರೆಗೂ ಇಟ್ಟುಕೊಂಡು ಆಗಾಗ ತೆರೆದು ನೋಡುತ್ತಿದ್ದೆ. ಮುದ್ರಣದಲ್ಲಿ ಇಂಥ ಪಟ್ಟಿ ಒಮ್ಮೊಮ್ಮೆ ಪರದೆಗಿಂತ ಎದ್ದು ಕಾಣುತ್ತದೆ.

ಇನ್ನು ಕೂದಲು.

ಕೂದಲಿನ ಅಂಚು ಗೆರೆಯಲ್ಲ, ಅದೊಂದು ವಲಯ. ಕೆಳಗೆ ಗಟ್ಟಿ ಕಪ್ಪು, ಮೇಲೆ ಬಂದಂತೆ ಎಳೆಗಳ ನಡುವೆ ಸಂದು ಹೆಚ್ಚುತ್ತದೆ, ಕೊನೆಗೆ ಒಂದೆರಡು ಒಂಟಿ ಎಳೆಗಳು. ಆ ಸಂದುಗಳಲ್ಲಿ ಹಿನ್ನೆಲೆ ಕಾಣುತ್ತದೆ. ಪಕ್ಕದಲ್ಲೆಲ್ಲ ಹಿನ್ನೆಲೆ ತಿಳಿ ಆಕಾಶ. ಕಂಬದ ಜಾಗದಲ್ಲಿ ಮಾತ್ರ ಗಾಢ ಬೂದು. ಹಾಗಾಗಿ ಅಲ್ಲಿ ಕೂದಲು ದಟ್ಟವಾಗಿ, ಎತ್ತರವಾಗಿ ಕಾಣುತ್ತದೆ. ಎಳೆಗಳನ್ನು ಉಳಿಸಿಕೊಂಡು ಸಂದಿನ ಬೂದನ್ನು ಮಾತ್ರ ತೆಗೆಯೋಣ ಅಂದರೆ ಆಗುವುದಿಲ್ಲ. ಕಪ್ಪು ಎಳೆಗೂ ಗಾಢ ಬೂದಿಗೂ ಅಂತರ ತೀರಾ ಕಡಿಮೆ, ಅದೂ ಎಳೆ ಪಿಕ್ಸೆಲ್‌ನಷ್ಟು ಸಪೂರ ಇರುವಾಗ. ಕಂಬ ಬಿಳಿ ಬಣ್ಣದ್ದಾಗಿದ್ದರೆ ಲೆಕ್ಕ ಬೇರೆ ಇರುತ್ತಿತ್ತು, ಎಳೆಗಳು ಉಳಿಯುತ್ತಿದ್ದವು. ಇಲ್ಲಿ ಆ ವಲಯವನ್ನು ಪೂರ್ತಿ ಬಿಟ್ಟುಕೊಟ್ಟು ಹೊಸದಾಗಿ ಕಟ್ಟುವುದೇ ದಾರಿ.

ಕಟ್ಟುವ ಮೊದಲು ನೆತ್ತಿಯ ಗೆರೆ ಎಲ್ಲಿ ಬರಬೇಕು ಅಂತ ಗುರುತು ಹಾಕಿಕೊಂಡೆ. ಕಂಬದ ಎಡಕ್ಕೆ ಗಟ್ಟಿ ಕೂದಲಿನ ಅಂಚು ಎಲ್ಲಿದೆ, ಬಲಕ್ಕೆ ಎಲ್ಲಿದೆ ನೋಡಿ, ಪೆನ್ ಸಾಧನದಿಂದ ಒಂದೇ ನಯವಾದ ಬಾಗು ಎಳೆದೆ. ಇಡೀ ನೆತ್ತಿಯ ಬಾಗನ್ನು ನೋಡಿ ಎಳೆಯಬೇಕು, ಕಂಬದ ಎರಡು ಪಕ್ಕವನ್ನು ಮಾತ್ರ ಸೇರಿಸಿದರೆ ಅದು ನೇರ ಗೆರೆಯಾಗುತ್ತದೆ. ಮೊಬೈಲ್ ಪ್ರತಿಯಲ್ಲಿ ತಗ್ಗು ಬಿದ್ದದ್ದು ಇಲ್ಲಿಯೇ. ಈ ಬಾಗಿನವರೆಗೆ, ಕೂದಲೇ ಇಲ್ಲ ಅನ್ನುವ ಹಾಗೆ, ಆಕಾಶವನ್ನು ಕ್ಲೋನ್ ಮಾಡಿ ಇಳಿಸಿದೆ. ಈಗ ಆ ಜಾಗದಲ್ಲಿ ತಲೆ ಬೋಳು ಅಂಚಿನ ಬೊಂಬೆಯ ತಲೆಯ ಹಾಗೆ ಕಾಣುತ್ತದೆ. ಹೆದರಬೇಕಿಲ್ಲ, ಅದು ನಡುವಿನ ಹಂತ.

ಮುಂದಿನದು ಕೂದಲನ್ನು ಎರವಲು ತರುವುದು. ಎಲ್ಲಿಂದ ಅನ್ನುವುದು ಮುಖ್ಯ. ತಲೆಯ ಇನ್ನೊಂದು ಬದಿಯಿಂದ ತುಂಡು ತೆಗೆದು ಕನ್ನಡಿಯಂತೆ ತಿರುಗಿಸಿ ಅಂಟಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಇಲ್ಲಿ ಅದು ಸರಿಬರುವುದಿಲ್ಲ. ಬೆಳಕು ಬಲಗಡೆಯಿಂದ ಬರುತ್ತಿದೆ, ಬಲಬದಿಯ ಎಳೆಗಳಿಗೆ ಸಣ್ಣ ಹೊಳಪಿದೆ. ತಿರುಗಿಸಿದರೆ ಹೊಳಪು ಎಡಕ್ಕೆ ಬರುತ್ತದೆ. ಬೈತಲೆಯಿಂದ ಕೂದಲು ಮಲಗಿದ ದಿಕ್ಕೂ ತಪ್ಪುತ್ತದೆ. ಅದಕ್ಕೆ ಕಂಬದ ಬಲಕ್ಕೆ ತಾಗಿದಂತೆಯೇ ಇದ್ದ 250 ಪಿಕ್ಸೆಲ್ ಅಗಲದ ಅಂಚನ್ನು ಆರಿಸಿ ಹೊಸ ಲೇಯರ್‌ಗೆ ನಕಲು ಮಾಡಿದೆ. ಅದನ್ನು ಎಡಕ್ಕೆ ಸರಿಸಿ, ಮೊದಲು ಎಳೆದ ಬಾಗಿಗೆ ಹೊಂದುವ ಹಾಗೆ ಕೆಲವು ಡಿಗ್ರಿ ತಿರುಗಿಸಿ, ವಾರ್ಪ್‌ನಲ್ಲಿ ತುಸು ಬಗ್ಗಿಸಿದೆ.

ಈ ತುಂಡಿನಲ್ಲಿ ಕೂದಲಿನ ಜೊತೆ ಅದರ ಹಿಂದಿನ ಆಕಾಶವೂ ಬಂದಿರುತ್ತದೆ. ಹಾಗೇ ಬಿಟ್ಟರೆ ಚೌಕಾಕಾರದ ಅಂಟು ಕಾಣುತ್ತದೆ. ಎಳೆಗಳ ಸುತ್ತ ಮಾಸ್ಕ್ ಕೊರೆಯುತ್ತ ಕೂರುವುದು ಸಾಧ್ಯವಿಲ್ಲದ ಕೆಲಸ. ಅದರ ಬದಲು ತುಂಡಿನ ಲೇಯರ್‌ಗೆ `Multiply` ಅನ್ನುವ ಬೆರೆಸುವ ವಿಧಾನ ಕೊಟ್ಟು, ಅದಕ್ಕೆ ಮಾತ್ರ ಅನ್ವಯಿಸುವ ಒಂದು ಕರ್ವ್ಸ್ ಲೇಯರ್ ಹಾಕಿ, ಅದರೊಳಗಿನ ಆಕಾಶ ಪೂರ್ತಿ ಬಿಳಿ ಆಗುವವರೆಗೆ ಏರಿಸಿದೆ. `Multiply`ಯಲ್ಲಿ ಬಿಳಿ ಏನನ್ನೂ ಮಾಡುವುದಿಲ್ಲ, ಮಾಯವಾಗುತ್ತದೆ. ಕಪ್ಪು ಮಾತ್ರ ಉಳಿಯುತ್ತದೆ. ತುಂಡಿನ ಆಕಾಶ ಹೋಗಿ, ಎಳೆಗಳಷ್ಟೇ ನಾವು ಕಟ್ಟಿದ ಸ್ವಚ್ಛ ಆಕಾಶದ ಮೇಲೆ ಕೂತವು. ಸಂದುಗಳಲ್ಲೂ ಸರಿಯಾದ ಆಕಾಶವೇ ಕಾಣುತ್ತದೆ. ಇಡೀ ಪ್ರಕರಣದಲ್ಲಿ ಒಂದೇ ಒಂದು ಕೈಚಳಕ ಕಲಿಯಬೇಕು ಅಂದರೆ ನಾನು ಇದನ್ನೇ ತೋರಿಸುತ್ತೇನೆ.

ಎರಡು ಕಡೆ ಎಚ್ಚರ ಬೇಕು. ಕರ್ವ್ಸ್ ಜಾಸ್ತಿ ಏರಿಸಿದರೆ ತೆಳು ಎಳೆಗಳು ಆಕಾಶದ ಜೊತೆಗೇ ಅಳಿಸಿಹೋಗುತ್ತವೆ. ಆಕಾಶ ಬಿಳಿಯಾದ ಕ್ಷಣಕ್ಕೆ ನಿಲ್ಲಿಸಬೇಕು. ಇನ್ನೊಂದು, ತುಂಡಿನ ಕೆಳಭಾಗದ ಗಟ್ಟಿ ಕೂದಲು ಕೆಳಗಿನ ಗಟ್ಟಿ ಕೂದಲಿನ ಮೇಲೆ ಬಿದ್ದರೆ ಕಪ್ಪಿನ ಮೇಲೆ ಕಪ್ಪು ಸೇರಿ ಅಲ್ಲೊಂದು ಮಸಿಯ ಪಟ್ಟಿ ಆಗುತ್ತದೆ. ಅಲ್ಲಿಂದ ಕೆಳಗೆ ತುಂಡನ್ನು ಮೆತ್ತನೆ ಮಾಸ್ಕ್‌ನಿಂದ ಮರೆಮಾಡಬೇಕು. ಹೊರಗಿನ ವಲಯ ಮಾತ್ರ ತುಂಡಿನದು, ಒಳಗಿನದು ಮೂಲದ್ದೇ.

ಇಷ್ಟಾದರೂ ಒಂದು ಸಮಸ್ಯೆ ಉಳಿಯಿತು. ಪಕ್ಕಪಕ್ಕದಲ್ಲೇ ಒಂದೇ ಆಕಾರದ ಎಳೆಗಳು ಎರಡು ಸಲ ಬಂದವು. ಹಾರುವ ಒಂದು ಸುರುಳಿ ಎಳೆ ಅವಳಿ ಆಗಿತ್ತು. ಕಣ್ಣು ಇಂಥದ್ದನ್ನು ತಕ್ಷಣ ಹಿಡಿಯುತ್ತದೆ. ನಕಲಿನಲ್ಲಿದ್ದ ಎದ್ದು ಕಾಣುವ ಎಳೆಗಳನ್ನು ಮಾಸ್ಕ್‌ನಲ್ಲಿ ತೆಗೆದು, ಅವುಗಳ ಬದಲಿಗೆ ಕೆಲವನ್ನು ಕೈಯಲ್ಲಿ ಬರೆದೆ.

ಕೈಯಲ್ಲಿ ಬರೆಯುವಾಗ ಆಗುವ ತಪ್ಪು ಬಹುತೇಕ ಒಂದೇ: ಎಳೆ ದಪ್ಪವಾಗುತ್ತದೆ, ಕಪ್ಪಾಗುತ್ತದೆ. ಇಲ್ಲಿ ಸ್ವಲ್ಪ ಲೆಕ್ಕ ಸಹಾಯಕ್ಕೆ ಬರುತ್ತದೆ. ಈ ಚಿತ್ರದಲ್ಲಿ ಮುಖದ ದೂರಕ್ಕೆ ಒಂದು ಮಿಲಿಮೀಟರ್ ಅಂದರೆ ಸುಮಾರು 5 ಪಿಕ್ಸೆಲ್. ತಲೆಗೂದಲಿನ ದಪ್ಪ ಹೆಚ್ಚುಕಡಿಮೆ 0.07 ಮಿ.ಮೀ. ಅಂದರೆ ಒಂಟಿ ಕೂದಲು ಪಿಕ್ಸೆಲ್‌ನ ಮೂರನೇ ಒಂದು ಭಾಗದಷ್ಟೇ. ಆ ಪಿಕ್ಸೆಲ್‌ನ ಉಳಿದ ಭಾಗದಲ್ಲಿ ಆಕಾಶ ಬೆರೆತಿರುತ್ತದೆ. ಹಾಗಾಗಿ ಕಪ್ಪು ಕೂದಲಿನ ಒಂಟಿ ಎಳೆ ತಿಳಿ ಆಕಾಶದ ಎದುರು ಚಿತ್ರದಲ್ಲಿ ಎಂದೂ ಕಪ್ಪಾಗಿರುವುದಿಲ್ಲ. ಅದು ಬೂದು ಮಿಶ್ರಿತ ಕಂದು. ಕಪ್ಪಾಗಿ ಕಾಣುವುದು ಹತ್ತಾರು ಕೂದಲು ಸೇರಿದ ಎಳೆ. ಅದಕ್ಕೇ ಬ್ರಷ್ 2 ಪಿಕ್ಸೆಲ್, ಒಪಾಸಿಟಿ 40ರಿಂದ 60 ಶೇಕಡಾ ನಡುವೆ, ಬಣ್ಣ ಪಕ್ಕದ ನಿಜವಾದ ಎಳೆಯಿಂದಲೇ ಎತ್ತಿಕೊಂಡದ್ದು. ಪ್ರತಿ ಎಳೆಯೂ ಗಟ್ಟಿ ಕೂದಲಿನ ಒಳಗಿನಿಂದ ಶುರುವಾಗಬೇಕು, ಅಂಚಿನ ಮೇಲೆ ನೆಟ್ಟಂತೆ ಇರಬಾರದು. ತುದಿಗೆ ಹೋದಂತೆ ತೆಳುವಾಗಬೇಕು. ಪೆನ್ ಟ್ಯಾಬ್ಲೆಟ್ ಇದ್ದರೆ ಒತ್ತಡದಿಂದಲೇ ತುದಿ ತೆಳುವಾಗುತ್ತದೆ. ಮೌಸ್‌ನಲ್ಲಾದರೆ ಎಳೆದ ಮೇಲೆ ತುದಿಯನ್ನು ಮಾಸ್ಕ್‌ನಲ್ಲಿ ಅಳಿಸಬಹುದು. ಹತ್ತು ಹನ್ನೆರಡು ಎಳೆ ಸಾಕಾಗುತ್ತದೆ. ಅಚ್ಚುಕಟ್ಟಾಗಿ ಒಂದೇ ಅಂತರದಲ್ಲಿ ಬರೆದರೆ ಬಾಚಣಿಗೆಯಂತಾಗುತ್ತದೆ. ಎರಡು ಒಟ್ಟಿಗೆ, ಒಂದು ದೂರ, ಒಂದು ಇನ್ನೊಂದನ್ನು ದಾಟಿ ಹೋಗುವಂತೆ ಇರಲಿ.

ಆಮೇಲೆ ನೋಡುವ ಕೆಲಸ. ಹತ್ತಿರದಿಂದ ನೋಡಿ ನೋಡಿ ಕಣ್ಣು ಒಗ್ಗಿಹೋಗಿರುತ್ತದೆ. ಚಿತ್ರವನ್ನು ಎಡಬಲ ತಿರುಗಿಸಿ ನೋಡಿದೆ. ನೆತ್ತಿಯ ಬಾಗಿನಲ್ಲಿ ಉಬ್ಬುತಗ್ಗು ಇದ್ದರೆ ಆಗ ಗೊತ್ತಾಗುತ್ತದೆ. ಬೆರಳಗಲಕ್ಕೆ ಚಿಕ್ಕದು ಮಾಡಿ ನೋಡಿದೆ. ಆಕಾಶದ ಪಟ್ಟಿ ಉಳಿದಿದ್ದರೆ ಅಷ್ಟು ಚಿಕ್ಕದರಲ್ಲಿಯೇ ಚೆನ್ನಾಗಿ ಕಾಣುತ್ತದೆ. ಕೊನೆಗೆ ತಲೆಯ ಭಾಗವನ್ನಷ್ಟೇ ಪೂರ್ಣ ಅಳತೆಯಲ್ಲಿ ಒಂದು ಚಿಕ್ಕ ಕಾಗದಕ್ಕೆ ಮುದ್ರಿಸಿದೆ. ಅದರಲ್ಲಿ ಕೈಯಲ್ಲಿ ಬರೆದ ಎರಡು ಎಳೆಗಳು ಅಕ್ಕಪಕ್ಕದವಕ್ಕಿಂತ ಚೂಪಾಗಿ ಕಂಡವು. ಫೋಕಸ್ ಕಣ್ಣಿನ ಮೇಲಿತ್ತು, ನೆತ್ತಿ ಅದಕ್ಕಿಂತ ಹಿಂದಿದೆ, ಅಲ್ಲಿನ ನಿಜವಾದ ಎಳೆಗಳಿಗೆ ಚೂರು ಮಸುಕು ಇತ್ತು. ಬರೆದ ಎಳೆಗಳ ಲೇಯರ್‌ಗೆ ಒಂದು ಪಿಕ್ಸೆಲ್‌ಗಿಂತ ಕಡಿಮೆ ಗಾಸಿಯನ್ ಬ್ಲರ್ ಕೊಟ್ಟ ಮೇಲೆ ಅವು ಉಳಿದವುಗಳ ಜೊತೆ ಸೇರಿಹೋದವು.

ಈ ವಿಧಾನ ನಿಂತಿರುವುದು ಕಪ್ಪು ಕೂದಲು, ತಿಳಿ ಹಿನ್ನೆಲೆ ಅನ್ನುವುದರ ಮೇಲೆ. ಬಿಳಿ ಕೂದಲು, ಹಿಂದೆ ಗಾಢ ಮರ ಇದ್ದರೆ ತಿರುಗಾಮುರುಗಾ: ತುಂಡಿನ ಹಿನ್ನೆಲೆಯನ್ನು ಪೂರ್ತಿ ಕಪ್ಪಿಗೆ ಇಳಿಸಿ `Screen` ಕೊಡಬೇಕು. ಬಿಳಿ ಕೂದಲು, ತಿಳಿ ಆಕಾಶ ಎರಡೂ ಇದ್ದರೆ ಇದು ಕೆಲಸಕ್ಕೆ ಬರುವುದಿಲ್ಲ, ಅಂಚು ಪೂರ್ತಿ ಕೈಯಲ್ಲೇ ಬರೆಯಬೇಕು. ಕಂಬದ ಬದಲು ಎಲೆ ತುಂಬಿದ ಕೊಂಬೆ ಇದ್ದರೆ, ಅದೂ ಫೋಕಸ್‌ನಲ್ಲೇ ಇದ್ದರೆ, ಅದನ್ನು ಪೂರ್ತಿ ತೆಗೆಯಲು ಹೋಗದೆ ತಲೆಗೆ ತಾಗುವ ಭಾಗವನ್ನಷ್ಟೇ ಕತ್ತರಿಸಿ, ತಲೆಗೂ ಕೊಂಬೆಗೂ ನಡುವೆ ಆಕಾಶ ಬಿಡುವುದು ಒಳ್ಳೆಯದು. ಮರ ಹಿಂದೆ ಇದೆ ಅಂತ ಕಣ್ಣಿಗೆ ತಿಳಿಯಲು ಅಷ್ಟು ಸಾಕು.

ತಿದ್ದಲೇಬಾರದ ಚಿತ್ರಗಳೂ ಇವೆ. 1970ರ ಮೇ 4ರಂದು ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗುಂಡೇಟಿಗೆ ಸತ್ತ ವಿದ್ಯಾರ್ಥಿಯ ಪಕ್ಕ ಮೊಣಕಾಲೂರಿ ಕೂಗುತ್ತಿರುವ ಹುಡುಗಿಯ ಚಿತ್ರವನ್ನು ಜಾನ್ ಫಿಲೊ ತೆಗೆದರು. ಮುಂದಿನ ವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಆ ಚಿತ್ರದಲ್ಲಿ ಹುಡುಗಿಯ ತಲೆಯ ಹಿಂದೆಯೇ ಬೇಲಿಯ ಕಂಬವೊಂದು ನಿಂತಿದೆ. ಯಾರೋ ಅದನ್ನು ಅಳಿಸಿದ ಪ್ರತಿ ಹಲವು ಕಡೆ ಅಚ್ಚಾಯಿತು. 1995ರಲ್ಲಿ ಲೈಫ್ ಪತ್ರಿಕೆಯೂ ಅದನ್ನೇ ಹಾಕಿತು, ಹಲವು ಛಾಯಾಗ್ರಾಹಕರು ಪ್ರತಿಭಟಿಸಿದರು. ಅವರು ಪ್ರತಿಭಟಿಸಿದ್ದು ಸರಿ ಅಂತ ನನ್ನ ಅಭಿಪ್ರಾಯ. ಸುದ್ದಿಯ ಚಿತ್ರ ಸಾಕ್ಷಿ, ಅದರಲ್ಲಿ ಕಂಬ ಇದ್ದರೆ ಇರಬೇಕು. ಮನೆಯ ಗೋಡೆಗೆ ಹಾಕುವ ಅಕ್ಕನ ಚಿತ್ರದ ಲೆಕ್ಕ ಬೇರೆ, ಅಲ್ವಾ?

ತಂಗಿ ಕೇಳಿದ ಕೊನೆಯ ಪ್ರಶ್ನೆ, ತೆಗೆಯುವಾಗ ಇದು ಯಾಕೆ ಕಾಣಲಿಲ್ಲ ಅಂತ. ಎರಡು ಕಣ್ಣಿಂದ ನೋಡುವಾಗ ಅಕ್ಕ ಹತ್ತಿರ, ಕಂಬ ದೂರ ಅಂತ ಬೇರೆ ಬೇರೆಯಾಗಿ ತಿಳಿಯುತ್ತದೆ, ನೋಟವೂ ಮುಖದ ಮೇಲೇ ಇರುತ್ತದೆ. ಕ್ಯಾಮೆರಾಗೆ ಒಂದೇ ಕಣ್ಣು, ಅದು ಎರಡನ್ನೂ ಒಂದೇ ಹಾಳೆಯ ಮೇಲೆ ಒತ್ತುತ್ತದೆ. ಈ ದೂರಗಳಲ್ಲಿ ಕ್ಯಾಮೆರಾ ಹಿಡಿದವರು ಪಕ್ಕಕ್ಕೆ ಎಷ್ಟು ಸರಿದರೂ, ಅದರ ಮುಕ್ಕಾಲು ಪಾಲಿನಷ್ಟು ಕಂಬ ತಲೆಯಿಂದ ಅದೇ ಕಡೆಗೆ ಸರಿದಂತೆ ಕಾಣುತ್ತದೆ. 20 ಸೆಂ.ಮೀ. ಸರಿದಿದ್ದರೆ ಕಂಬ 15 ಸೆಂ.ಮೀ. ಆಚೆ ಹೋಗಿ ಕಿವಿಯ ಪಕ್ಕ ನಿಲ್ಲುತ್ತಿತ್ತು, ಅದೂ ಚೆನ್ನಲ್ಲ. ಒಂದು ಹೆಜ್ಜೆ, ಅಂದರೆ ಅರ್ಧ ಮೀಟರ್ ಬಲಕ್ಕೆ ಸರಿದಿದ್ದರೆ ಕಂಬ ಚಿತ್ರದ ಬಲ ಅಂಚಿನ ಹತ್ತಿರ ಹೋಗಿರುತ್ತಿತ್ತು. ಅಲ್ಲಿ ಕೂದಲಿಲ್ಲ, ಆಕಾಶ ಮತ್ತು ಮಸುಕು ಮರಗಳಷ್ಟೇ. ಅದನ್ನು ತೆಗೆಯಲು ಹೀಲಿಂಗ್ ಬ್ರಷ್, ಮರಗಳ ಕಡೆ ಸ್ವಲ್ಪ ಕ್ಲೋನ್, ಇಷ್ಟೇ ಸಾಕಿತ್ತು.